ಹದಿನಾಲ್ಕನೆಯ ರೆಫರೆನ್ಸು

ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರ ಬಾಯಲ್ಲೂ ಅವರು ಫುಲ್‌ಸ್ಟಾಪ್ ಅಕ್ಕ. ಪಿಎಚ್‌ಡಿಗೆ ಸೇರಿದ ಹೊಸಬರು ಮೊದಲ ವಾರ ಇದು ಗೇಲಿಯ ಹೆಸರು ಅಂದುಕೊಂಡು ಹಲ್ಲು ಕಿರಿಯುತ್ತಿದ್ದರು. ಎರಡನೆಯ ತಿಂಗಳಿಗೆ ತಮ್ಮ ವರದಿ ಹಿಡಿದುಕೊಂಡು ಅದೇ ಅಕ್ಕನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಹೆಸರು ಬಂದ ಬಗೆ ಹೇಳಿಬಿಡುತ್ತೇನೆ. ಸಂಶೋಧನಾ ವರದಿಯ ಕೊನೆಯಲ್ಲಿ ರೆಫರೆನ್ಸ್ ಪಟ್ಟಿ ಇರುತ್ತದೆ. ಯಾವ ಮಾತನ್ನು ಯಾವ ಜರ್ನಲ್ಲಿನ ಯಾವ ಲೇಖನದಿಂದ ತೆಗೆದುಕೊಂಡೆವು ಎಂದು ಅಲ್ಲಿ ಒಪ್ಪಿಸಬೇಕು. ನಮ್ಮಲ್ಲಿ ಅದನ್ನು ಎಸಿಎಸ್, ಅಂದರೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಶೈಲಿಯಲ್ಲೇ ಬರೆಯಬೇಕು. ಲೇಖಕರ ಮನೆಹೆಸರು ಮೊದಲು, ಆಮೇಲೆ ಇನಿಷಿಯಲ್ಲು, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಅರ್ಧವಿರಾಮ. ಜರ್ನಲ್ಲಿನ ಹೆಸರನ್ನು ಪೂರ್ತಿ ಬರೆಯುವಂತಿಲ್ಲ, ಕತ್ತರಿಸಿ ಓರೆ ಅಕ್ಷರದಲ್ಲಿ ಹಾಕಬೇಕು. ಇಸವಿ ದಪ್ಪ ಅಕ್ಷರ, ಸಂಪುಟ ಮತ್ತೆ ಓರೆ, ಪುಟ ನೆಟ್ಟಗೆ. ಕತ್ತರಿಸಿದ ಪ್ರತಿ ಪದದ ಬಾಲಕ್ಕೂ ಒಂದು ಚುಕ್ಕಿ. ಜರ್ನಲ್ ಆಫ್ ದಿ ಅಮೆರಿಕನ್ ಕೆಮಿಕಲ್ ಸೊಸೈಟಿ ಎಂಬ ಉದ್ದನೆಯ ಹೆಸರು J. Am. Chem. Soc. ಆಗುತ್ತದೆ. ನಡುವಿನ ಆಫ್, ದಿ ಎಲ್ಲ ಕಸದ ಬುಟ್ಟಿಗೆ.

ಇದನ್ನು ಅಂದಾಜಿನ ಮೇಲೆ ಕತ್ತರಿಸುವಂತಿಲ್ಲ. ಯಾವ ಜರ್ನಲ್ಲಿಗೆ ಯಾವ ಗಿಡ್ಡ ಹೆಸರು ಎಂದು ಹೇಳಲು ಕ್ಯಾಸಿ ಎಂಬ ಸೂಚಿ ಇದೆ, ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನೋಡುವವರು ಯಾರು? ನಮ್ಮ ಹುಡುಗರು ಮನಸ್ಸಿಗೆ ಬಂದಲ್ಲಿ ಕತ್ತರಿ ಹಾಕಿ, ಮನಸ್ಸಿಗೆ ಬಂದಲ್ಲಿ ಚುಕ್ಕಿ ಉದುರಿಸಿ ತರುತ್ತಿದ್ದರು. ಅಕ್ಕ ಒಂದೊಂದನ್ನೇ ಸೂಚಿಯಲ್ಲಿ ನೋಡಿ ತಿದ್ದುತ್ತಿದ್ದರು.

"ನೇಚರ್‌ಗೆ ಯಾಕಪ್ಪಾ ಚುಕ್ಕಿ ಇಟ್ಟಿದ್ದೀಯ? ಒಂದೇ ಪದದ ಹೆಸರನ್ನ ಕತ್ತರಿಸಲ್ಲ. ಕತ್ತರಿಸದೆ ಇರೋದಕ್ಕೆ ಚುಕ್ಕಿ ಇಲ್ಲ. ಪಾಪ, ಅದಕ್ಕೇನು ಗಾಯ ಆಗಿದೆ ಅಂತ ಬ್ಯಾಂಡೇಜು?"

ಇಂಥ ಮಾತನ್ನು ಮುಖ ಗಂಟಿಕ್ಕಿಕೊಂಡೇ ಹೇಳುತ್ತಿದ್ದರು. ನಗಬೇಕೋ ಬೇಡವೋ ಎಂದು ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ಬೆಂಚು ಅವರ ಬೆಂಚಿನ ಪಕ್ಕದ್ದು. ಒಂದೇ ಸಿಂಕು, ಒಂದೇ ಒಣಗಿಸುವ ಚರಣಿಗೆ, ಒಬ್ಬರೇ ಗೈಡು. ಅವರಿಗೆ ನಲವತ್ತು ದಾಟಿತ್ತು, ನಾನು ಅವರಿಗಿಂತ ಬಹಳ ಚಿಕ್ಕವಳು. ನನಗೆ ನಾಲಿಗೆ ಸ್ವಲ್ಪ ಉದ್ದ. ಅವರ ಜೊತೆ ಜಗಳವಾಡದ ದಿನ ನನಗೆ ಟೀ ರುಚಿಸುತ್ತಿರಲಿಲ್ಲ.

"ಅಕ್ಕಾ, ಊರವರ ಚುಕ್ಕಿ ತಿದ್ದೋದು ಬಿಟ್ಟು ನಿಮ್ಮ ಥೀಸಿಸ್ ಮುಗಿಸಿ" ಎಂದು ನಾನು ಬೈಯುತ್ತಿದ್ದೆ.

"ಮುಗಿಯುತ್ತೆ ಬಿಡೇ. ನಿನ್ನ ಬಾಯಿ ಮುಗಿಯೋ ಹೊತ್ತಿಗೆ ನನ್ನದೂ ಮುಗಿಯುತ್ತೆ."

ಮುಗಿಯಲೇಬೇಕಿತ್ತು. ಅಕ್ಕ ಒಂದು ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕಿ. ವರ್ಷಾವರ್ಷ ಜೂನಿನಲ್ಲಿ ಕೆಲಸ ಇದೆಯೋ ಇಲ್ಲವೋ ಎಂದು ಎದೆ ಹಿಡಿದುಕೊಂಡು ಕೂರುವ ಬಾಳು. ಆ ವರ್ಷ ಕಾಲೇಜಿನವರು ಖಂಡಿತವಾಗಿ ಹೇಳಿಬಿಟ್ಟಿದ್ದರು: ಡಾಕ್ಟರೇಟ್ ಇದ್ದರೆ ಕಾಯಂ, ಇಲ್ಲದಿದ್ದರೆ ಬೇರೆಯವರು. ಇತ್ತ ವಿಶ್ವವಿದ್ಯಾಲಯ ಕೊಡಬಹುದಾದಷ್ಟು ಕಾಲಾವಕಾಶವನ್ನೆಲ್ಲ ಕೊಟ್ಟಾಗಿತ್ತು. ಆ ಅವಧಿಯೊಳಗೆ ಥೀಸಿಸ್ ಕೊಟ್ಟು ಪಾಸಾಗದಿದ್ದರೆ ನೋಂದಣಿಯೇ ರದ್ದು. ಅಂದರೆ ಪದವಿ, ಕೆಲಸ ಎರಡೂ ಒಂದೇ ಹಗ್ಗಕ್ಕೆ ಜೋತುಬಿದ್ದಿದ್ದವು.

ಅಕ್ಕನ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಮಹಡಿಯ ಮೇಲೆ ಎರಡು ಕೋಣೆ. ಯಜಮಾನರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವರು. ಅಕ್ಕ ಓದಲು ಕೂತರೆ ಪಾತ್ರೆ ತೊಳೆಯುವ ಸದ್ದೂ ಆಗದ ಹಾಗೆ ನಲ್ಲಿಯ ಕೆಳಗೆ ಬಟ್ಟೆ ಹಾಸಿಕೊಂಡು ತೊಳೆಯುತ್ತಿದ್ದ ಗಂಡಸು. ಅತ್ತೆಗೆ ಮಂಡಿನೋವು. ಸೊಸೆ ಡಾಕ್ಟರ್ ಆಗುತ್ತಾಳೆ ಎಂದು ಕೇಳಿದಾಗಿನಿಂದ ಅವರಿಗೆ ಒಂದೇ ಪ್ರಶ್ನೆ.

"ಡಾಕ್ಟ್ರಾದ್ಮೇಲೆ ನನ್ನ ಮಂಡಿಗೆ ಏನಾದ್ರೂ ಬರ್ಕೊಡ್ತೀಯಾ, ಇಲ್ಲ ಆಗಲೂ ಬಿಸಿನೀರಿನ ಚೀಲವೇನಾ?"

"ಅತ್ತೇ, ನಾನು ಆಗೋದು ಆ ಡಾಕ್ಟ್ರಲ್ಲ."

"ಯಾವುದೋ ಒಂದು. ಮೊದಲು ಆಗು ತಾಯಿ."

ಅಕ್ಕನ ವಿಷಯವನ್ನು ಆದಷ್ಟು ಸುಲಭವಾಗಿ ಹೇಳುತ್ತೇನೆ. ನೀರಿನಲ್ಲಿರುವ ತಾಮ್ರವನ್ನು ಹಿಡಿದಿಡುವ ಒಂದು ಹಳದಿ ಬಣ್ಣದ ಸಂಯುಕ್ತ. ತಾಮ್ರ ಸಿಕ್ಕಿತೆಂದರೆ ಅದರ ಬಣ್ಣ ಬದಲಾಗುತ್ತದೆ, ಆ ಬಣ್ಣವನ್ನು ಯಂತ್ರದಲ್ಲಿ ಅಳೆಯಬಹುದು. ಈ ಕೆಲಸಕ್ಕೆ ಎಲ್ಲರೂ ಬಳಸುವ ಹಳೆಯ ಸಂಯುಕ್ತ ಬೇರೊಂದಿದೆ. ಅದಕ್ಕಿಂತ ತಮ್ಮದು ತಾಮ್ರವನ್ನು ಹತ್ತು ಪಟ್ಟಿಗೂ ಮಿಗಿಲಾಗಿ ಬಿಗಿಯಾಗಿ ಹಿಡಿಯುತ್ತದೆ ಎನ್ನುವುದೇ ಅಕ್ಕನ ಥೀಸಿಸ್ಸಿನ ಜೀವ. ಆ ಬಿಗಿಯನ್ನು ಲೆಕ್ಕ ಹಾಕಲು ಇನ್ನೊಂದು ಅಂಕಿ ಬೇಕು. ತಾಮ್ರ ಬಂದು ಕೂರುವ ಜಾಗದಲ್ಲಿ ಮೊದಲೇ ಒಂದು ಹೈಡ್ರೋಜನ್ ಕೂತಿರುತ್ತದೆ. ಸಂಯುಕ್ತ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ಹೇಳುವ ಅಂಕಿ ಪಿಕೆಎ. ಅಳೆದು ಬಂದದ್ದಕ್ಕೆ ಪಿಕೆಎ ಕೂಡಿಸಿದರೆ ತಾಮ್ರದ ಬಿಗಿ ಸಿಗುತ್ತದೆ. ಈ ಲೆಕ್ಕದಲ್ಲಿ ಒಂದು ಹೆಚ್ಚಾಯಿತು ಎಂದರೆ ಬಿಗಿ ಹತ್ತು ಪಟ್ಟು ಹೆಚ್ಚಾದಂತೆ.

ಆ ಪಿಕೆಎಯನ್ನು ಅಕ್ಕ ತಾವಾಗಿ ಅಳೆದಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಯಾರೂ ಅಳೆದಿರಲಿಲ್ಲ. ಯಾರೋ ಆಗಲೇ ಅಳೆದು ಜರ್ನಲ್ಲಿನಲ್ಲಿ ಹಾಕಿದ್ದಾರೆ, ಮತ್ತೆ ಯಾಕೆ ಅಳೆಯಬೇಕು ಎನ್ನುವುದು ಗೈಡ್ ಸಾರ್ ಮಾತು. ಅಂಕಿಯ ಪಕ್ಕದಲ್ಲಿ ಮೇಲಕ್ಕೆ ಪುಟ್ಟದಾಗಿ ಹದಿನಾಲ್ಕು ಎಂದು ಹಾಕಿದರೆ ಆಯಿತು, ಓದುವವನು ಹಿಂದಿನ ಪಟ್ಟಿಯಲ್ಲಿ ಹದಿನಾಲ್ಕನೆಯ ರೆಫರೆನ್ಸ್ ನೋಡಿಕೊಳ್ಳುತ್ತಾನೆ.

ಆ ಹದಿನಾಲ್ಕನೆಯದು ಎಲ್ಲಿಂದ ಬಂತು ಎನ್ನುವುದರಲ್ಲೇ ಕಥೆಯ ಗಂಟಿದೆ. ನಮ್ಮಲ್ಲಿ ಒಂದು ಪದ್ಧತಿ. ಹೊಸದಾಗಿ ಸೇರಿದವರಿಗೆ ಹಿಂದಿನ ಸೀನಿಯರ್ ತನ್ನ ರೆಫರೆನ್ಸ್ ಪಟ್ಟಿಯ ಫೈಲು ಕೊಟ್ಟು ಹೋಗುತ್ತಾನೆ. ಅದಕ್ಕೆ ತಾಯಿ ಫೈಲು ಎಂದು ಹೆಸರು. ಅದಕ್ಕೆ ನಿಮ್ಮದಿಷ್ಟು ಸೇರಿಸಿಕೊಂಡು, ಹೋಗುವಾಗ ಇನ್ನೊಬ್ಬರ ಮಡಿಲಿಗೆ ಹಾಕಿ ಹೋಗಬೇಕು. ತಾಯಿ ಫೈಲಿನಲ್ಲಿದ್ದ ಲೇಖನಗಳನ್ನು ತೆರೆದು ಓದಿದವರು ಇದ್ದರೋ ಇಲ್ಲವೋ, ದೇವರೇ ಬಲ್ಲ. ಅಕ್ಕನೂ ಓದಿರಲಿಲ್ಲ. ಅವರು ಅದರ ಚುಕ್ಕಿಗಳನ್ನು ಒಪ್ಪ ಮಾಡಿದ್ದರು, ಓರೆ ದಪ್ಪ ಸರಿಪಡಿಸಿದ್ದರು, ಎರಡು ಪುಟಸಂಖ್ಯೆಗಳ ನಡುವಿನ ಗೆರೆಯನ್ನೂ ಸರಿಯಾದ ಉದ್ದಕ್ಕೆ ತಂದಿದ್ದರು. ಅವರ ಕೈಗೆ ಬಂದ ಮೇಲೆ ಆ ಪಟ್ಟಿ ಮದುವೆಗೆ ಹೊರಟಂತಿತ್ತು.

ಹಳೆಯ ಎಸಿಎಸ್ ಪದ್ಧತಿಯಲ್ಲಿ ಲೇಖನದ ಶೀರ್ಷಿಕೆ ಹಾಕಲೇಬೇಕು ಎಂದೇನೂ ಇರಲಿಲ್ಲ. ನಮ್ಮ ಲ್ಯಾಬಿನ ಥೀಸಿಸ್ಸುಗಳಲ್ಲಿ ಯಾರೂ ಹಾಕುತ್ತಿರಲಿಲ್ಲ. ಲೇಖಕರು, ಗಿಡ್ಡ ಹೆಸರು, ಇಸವಿ, ಸಂಪುಟ, ಪುಟ, ಅಷ್ಟೇ. ಈಚಿನ ಕೈಪಿಡಿ ಶೀರ್ಷಿಕೆಯೂ ಇರಲಿ ಎಂದಿತು. ನಮ್ಮ ವಿಶ್ವವಿದ್ಯಾಲಯಕ್ಕೆ ಆ ಜ್ಞಾನೋದಯ ತಡವಾಗಿ ಆಗಿ, ಅಕ್ಕ ಥೀಸಿಸ್ ಕೊಡಬೇಕಾದ ಆ ವರ್ಷವೇ ಸುತ್ತೋಲೆ ಬಂತು: ಇನ್ನು ಮುಂದೆ ಪ್ರತಿ ರೆಫರೆನ್ಸಿಗೂ ಲೇಖನದ ಪೂರ್ಣ ಶೀರ್ಷಿಕೆ ಕಡ್ಡಾಯ.

ನಾನು ಹಣೆ ಹಣೆ ಚಚ್ಚಿಕೊಂಡೆ. ಅಕ್ಕನಿಗೆ ಹಬ್ಬ. ಕಾಲೇಜಿನ ಪಾಠ ಮುಗಿಸಿ ಬಂದು, ಕೊಡೆಯನ್ನು ಸಿಂಕಿನ ಪಕ್ಕ ನೇತುಹಾಕಿ, ಒಂದೊಂದೇ ಲೇಖನವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಶೀರ್ಷಿಕೆ ಸೇರಿಸುತ್ತಾ ಹೋದರು. ಹದಿಮೂರರವರೆಗೆ ಬಂಡಿ ಸಲೀಸಾಗಿ ಸಾಗಿತು.

"ಇಲ್ಲಿ ಬಾರೇ" ಎಂದರು ಒಂದು ಮಧ್ಯಾಹ್ನ. "ಹದಿನಾಲ್ಕು ಸಿಗ್ತಿಲ್ಲ."

ಪಟ್ಟಿಯಲ್ಲಿ ಜರ್ನಲ್ಲಿನ ಹೆಸರು Anal. Chem. ಎಂದಿತ್ತು. ಅನಲಿಟಿಕಲ್ ಕೆಮಿಸ್ಟ್ರಿ, ನಮ್ಮವರೆಲ್ಲ ದಿನಾ ಬಳಸುವ ಜರ್ನಲ್ಲು. ಆದರೆ ಆ ಇಸವಿಗೂ ಆ ಸಂಪುಟದ ಸಂಖ್ಯೆಗೂ ತಾಳೆಯೇ ಇರಲಿಲ್ಲ. ಆ ಇಸವಿಯಲ್ಲಿ ಹೊರಬಂದ ಸಂಪುಟವೇ ಬೇರೆ. ಸಂಪುಟ ನಂಬಿ ಪುಟ ತೆರೆದರೆ ಅಲ್ಲಿ ಯಾರೋ ಪುಣ್ಯಾತ್ಮ ಇನ್ನೇನೋ ಬರೆದುಕೊಂಡಿದ್ದ.

"ಯಾರೋ ಸಂಪುಟ ತಪ್ಪು ಟೈಪ್ ಮಾಡಿರ್ತಾರೆ ಬಿಡಿ" ಎಂದೆ.

"ಇಲ್ಲ. ಅಂಕಿ ತಪ್ಪೋದಕ್ಕಿಂತ ಹೆಸರು ತಪ್ಪೋದು ಜಾಸ್ತಿ. ಯಾರೋ ಒಬ್ಬ ಜಾಣ ಇದನ್ನ ಇನ್ನಷ್ಟು ಗಿಡ್ಡ ಮಾಡಿದ್ದಾನೆ."

ಕ್ಯಾಸಿ ತೆರೆದು, ಆ ಎರಡು ಪದಗಳನ್ನು ಹೋಲುವ ಜರ್ನಲ್ಲುಗಳನ್ನೆಲ್ಲ ಸಾಲಾಗಿ ನೋಡುತ್ತಾ ಕೂತರು. ಮೂರನೆಯದೋ ನಾಲ್ಕನೆಯದೋ Anal. Chim. Acta. ಅನಲಿಟಿಕಾ ಕಿಮಿಕಾ ಆಕ್ಟಾ. ಆಕ್ಟಾ ಎನ್ನುವ ಪದವನ್ನು ಕತ್ತರಿಸುವುದಿಲ್ಲ, ಅದಕ್ಕೆ ಚುಕ್ಕಿಯೂ ಇಲ್ಲ. ಚುಕ್ಕಿಯಿಲ್ಲದ ಆ ಬಾಲ ಹಿಂದೆ ಯಾರಿಗೋ ಹೆಚ್ಚುವರಿ ಅನ್ನಿಸಿರಬೇಕು, ಕತ್ತರಿಸಿ ಎಸೆದು, ಉಳಿದದ್ದನ್ನು ತನಗೆ ಗೊತ್ತಿದ್ದ ಹೆಸರಿಗೆ ತಿರುಗಿಸಿದ್ದಾನೆ. ಅಕ್ಕ ಅದರಲ್ಲಿ ಆ ಇಸವಿ, ಆ ಸಂಪುಟ, ಆ ಪುಟ ತೆರೆದರು. ಲೇಖಕರೂ ಅವರೇ.

"ಸಿಕ್ತಲ್ಲ, ಹಿಡಿದುಬಿಟ್ರಿ ಕಳ್ಳನ್ನ" ಎಂದು ನಾನು ನಕ್ಕೆ.

ಅಕ್ಕ ನಗಲಿಲ್ಲ. ಶೀರ್ಷಿಕೆ ಟೈಪ್ ಮಾಡಲು ಹೊರಟಿದ್ದ ಬೆರಳು ಕೀಲಿಯ ಮೇಲೇ ನಿಂತಿತ್ತು. ನಾನು ಬಗ್ಗಿ ಓದಿದೆ. ಆ ಸಂಯುಕ್ತದ ಹೆಸರು, ಅದರ ಪಿಕೆಎ, ಎಲ್ಲ ಸರಿ. ಶೀರ್ಷಿಕೆಯ ಕೊನೆಯಲ್ಲಿ ಮಾತ್ರ ಡಯಾಕ್ಸೇನ್ ಮತ್ತು ನೀರಿನ ಮಿಶ್ರಣದಲ್ಲಿ ಎಂದಿತ್ತು.

ನೀರಿನಲ್ಲಿ ಅಲ್ಲ. ಅರ್ಧ ನೀರು, ಅರ್ಧ ಡಯಾಕ್ಸೇನ್ ಎಂಬ ದ್ರಾವಕ. ಆ ಸಂಯುಕ್ತ ಬರೀ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಅದಕ್ಕೆ ಹಿಂದಿನವರು ಹಾಗೆ ಅಳೆದಿದ್ದರು. ಅಕ್ಕ ಮಾಡಿದ್ದು ತೀರಾ ತೆಳುವಾದ ದ್ರಾವಣ, ಪೂರ್ತಿ ನೀರಿನಲ್ಲಿ. ಇಂಥ ಸಂಯುಕ್ತಗಳ ಪಿಕೆಎ ಡಯಾಕ್ಸೇನ್ ಬೆರೆತಾಗ ಮೇಲೇರುತ್ತದೆ ಎನ್ನುವುದು ನಮ್ಮಂಥವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಎಷ್ಟು ಏರುತ್ತದೆ ಎನ್ನುವುದೊಂದೇ ಪ್ರಶ್ನೆ.

"ಸ್ವಲ್ಪ ಇರಬಹುದು" ಎಂದೆ.

"ನಾಳೆ ಅಳೆಯೋಣ. ಒಂದು ದಿನದ ಕೆಲಸ" ಎಂದರು ಅಕ್ಕ. ಆಮೇಲೆ ಬಹಳ ಮೆಲ್ಲಗೆ ಅದನ್ನೇ ಮತ್ತೆ ಹೇಳಿದರು. "ಒಂದೇ ದಿನದ ಕೆಲಸ ಕಣೇ."

ಮರುದಿನ ಕಾಲೇಜಿಗೆ ರಜೆ ಹಾಕಿ ಬಂದರು. ಬೆಂಚಿನ ಮೇಲೆ ಸಾಲಾಗಿ ಫ್ಲಾಸ್ಕುಗಳನ್ನಿಟ್ಟು, ಒಂದೊಂದರಲ್ಲೂ ಆಮ್ಲತೆ ಸ್ವಲ್ಪ ಸ್ವಲ್ಪ ಬೇರೆಯಾಗುವಂತೆ ಬಫರ್ ಹಾಕಿ, ಎಲ್ಲದಕ್ಕೂ ಅಷ್ಟಷ್ಟೇ ಸಂಯುಕ್ತ ಬೆರೆಸಿದರು. ಎಡಗಡೆಯ ಕೊನೆಯದು ನಿಂಬೆಯ ಹಳದಿ, ಬಲಗಡೆಯ ಕೊನೆಯದು ಕೆಂಪು. ಈ ಹಳದಿ ಅರ್ಧ ಕಳೆದು ಕೆಂಪು ಅರ್ಧ ಆಗುವ ಕಡೆ ಯಾವ ಪಿಎಚ್ ಇದೆಯೋ ಅದೇ ಪಿಕೆಎ. ಯಂತ್ರಕ್ಕೆ ಹಾಕದೆಯೂ ಕಣ್ಣಿಗೇ ಕಾಣುತ್ತಿತ್ತು. ಬಣ್ಣ ತಿರುಗಬೇಕಾದ ಕಡೆ ಇನ್ನೂ ದೂರವಿರುವಾಗಲೇ ತಿರುಗಿಬಿಟ್ಟಿತ್ತು. ಅಕ್ಕ ಆದರೂ ಯಂತ್ರಕ್ಕೆ ಹಾಕಿದರು. ಒಂದೊಂದು ಕೊಳವೆಯನ್ನೂ ಮೆತ್ತನೆಯ ಕಾಗದದಿಂದ ಒರೆಸಿ ಒಳಗಿಡುತ್ತಿದ್ದರು, ನಾನು ಅಂಕಿ ಓದಿ ಹೇಳುತ್ತಿದ್ದೆ. ಕೊನೆಕೊನೆಗೆ ನಾನು ಹೇಳುವ ಮೊದಲೇ ಅವರು ಬರೆದುಕೊಳ್ಳುತ್ತಿದ್ದರು.

ಬಂದ ಪಿಕೆಎ ತಾಯಿ ಫೈಲಿನ ಅಂಕಿಗಿಂತ ಒಂದಕ್ಕೂ ಮಿಗಿಲಾಗಿ ಕೆಳಗಿತ್ತು. ಅಕ್ಕ ಹಳೆಯ ಲೆಕ್ಕಕ್ಕೆ ಹೊಸ ಪಿಕೆಎ ಹಾಕಿದರು. ಅವರ ಸಂಯುಕ್ತದ ಬಿಗಿ ಕೆಳಗಿಳಿದು, ಎಲ್ಲರೂ ಬಳಸುವ ಹಳೆಯ ಸಂಯುಕ್ತದ ಪಕ್ಕಕ್ಕೆ ಬಂದು ನಿಂತಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹತ್ತು ಪಟ್ಟು ಎಂದಿದ್ದೆಲ್ಲ ಡಯಾಕ್ಸೇನಿನ ಕೊಡುಗೆ.

ನನಗೆ ಅಳು ಬಂತು. ಅಕ್ಕನಿಗೆ ಬರಲಿಲ್ಲ. ಫ್ಲಾಸ್ಕುಗಳನ್ನು ಒಂದೊಂದಾಗಿ ಸಿಂಕಿಗೆ ಚೆಲ್ಲಿ, ತೊಳೆದು, ಚರಣಿಗೆಯ ಮೇಲೆ ಬೋರಲು ಹಾಕಿದರು. ಆಮೇಲೆ ಕೊಡೆ ತೆಗೆದುಕೊಂಡು, ಬೆಂಚಿಗೆ ಒರಗಿ, ಹೋಗಬೇಕೆಂಬುದನ್ನೇ ಮರೆತವರಂತೆ ನಿಂತರು.

ಮಾರನೆಯ ದಿನ ಗೈಡ್ ಸಾರ್ ಕೋಣೆಗೆ ನಾನೂ ಜೊತೆಗೆ ಹೋದೆ. ಸಾರ್ ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಾದವರು, ಮೇಜಿನ ಮೇಲೆ ರಕ್ತದೊತ್ತಡದ ಮಾತ್ರೆ. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಆ ನಂಬರ್ ನನ್ನ ಕಾಲದಿಂದಲೂ ಇದೆಯಮ್ಮ" ಎಂದರು. "ನನ್ನ ಥೀಸಿಸ್ಸಲ್ಲೂ ಇದೆ. ಅದರಿಂದಲೇ ಐದಾರು ಜನ ಡಿಗ್ರಿ ತಗೊಂಡು ಹೋಗಿದ್ದಾರೆ."

ಅಕ್ಕ ಹೊಸ ಲೆಕ್ಕದ ಹಾಳೆಯನ್ನು ಅವರ ಮುಂದೆ ಸರಿಸಿದರು.

"ಹೊಸ ಅಂಕಿ ಹಾಕಿದ್ರೆ ನಿನ್ನ ಥೀಸಿಸ್ಸಲ್ಲಿ ಏನು ಉಳಿಯುತ್ತೆ? ಹೊಸ ಕೆಲಸ ಶುರು ಮಾಡೋಕೆ ಟೈಮ್ ಎಲ್ಲಿದೆ? ನೋಡಮ್ಮ, ಹಳೇ ಅಂಕಿಯೇ ಇರಲಿ. ಅದೊಂದಕ್ಕೆ ಟೈಟಲ್ ಬಿಟ್ಟುಬಿಡು. ಅಷ್ಟುದ್ದ ಪಟ್ಟೀಲಿ ಯಾರು ನೋಡ್ತಾರೆ?"

"ಎಲ್ಲದಕ್ಕೂ ಇದ್ದು ಅದೊಂದಕ್ಕೆ ಇಲ್ಲದಿದ್ರೆ ಕಣ್ಣಿಗೆ ಹೊಡೆಯುತ್ತೆ ಸಾರ್."

"ಹಾಗಾದ್ರೆ ಒಂದೇ ನಂಬರಿನಡಿ ಎ, ಬಿ, ಸಿ, ಡಿ ಅಂತ ನಾಲ್ಕು ಲೇಖನ ಸೇರಿಸು. ಶೈಲಿಯಲ್ಲಿ ಅದಕ್ಕೆ ಅವಕಾಶ ಇದೆ, ನಿನಗೇ ಗೊತ್ತು. ಗುಂಪಲ್ಲಿ ಗೋವಿಂದ."

ಅವಕಾಶವಿತ್ತು. ಅಕ್ಕ ಎಷ್ಟೋ ಜನಕ್ಕೆ ಹಾಗೆ ಸೇರಿಸಿ ಕೊಟ್ಟಿದ್ದರು. ಬಾಗಿಲಿನಿಂದ ಹೊರಗೆ ಬಂದ ಕೂಡಲೇ ನಾನು ಅವರ ತೋಳು ಹಿಡಿದುಕೊಂಡೆ.

"ಅಕ್ಕಾ, ಸಾರ್ ಹೇಳಿದ ಹಾಗೆ ಮಾಡಿ. ದಮ್ಮಯ್ಯ ಅಂತೀನಿ. ಅವರೆಲ್ಲ ಮಾಡಿಕೊಂಡು ಸುಖವಾಗಿದ್ದಾರೆ, ನಿಮಗೊಬ್ಬರಿಗೆ ಯಾಕೆ ಈ ಶಿಕ್ಷೆ?"

"ಅವರಿಗೆ ಗೊತ್ತಿರಲಿಲ್ಲ ಕಣೇ."

"ನಿಮಗೂ ಗೊತ್ತಿಲ್ಲ ಅಂದ್ಕೊಳ್ಳಿ."

"ಅಂದ್ಕೊಂಡು ನೋಡಿದೆ. ರಾತ್ರಿಯೆಲ್ಲ ಅದನ್ನೇ ಮಾಡಿದ್ದು. ಆಗ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮದು ಪ್ರಾಮಾಣಿಕತೆ ಅಲ್ಲ, ಚಟ ಎಂದುಬಿಟ್ಟೆ. ಚುಕ್ಕಿ ಚುಕ್ಕಿ ಎಂದು ಸಾಯುವ ಚಟ. ಮನೆಯಲ್ಲಿ ಆ ಮನುಷ್ಯ ನಲ್ಲಿಯ ಕೆಳಗೆ ಬಟ್ಟೆ ಹಾಸಿ ಪಾತ್ರೆ ತೊಳೆಯುತ್ತಾರಲ್ಲ, ಅವರ ಮುಖ ನೋಡಿಯಾದರೂ ಒಂದು ಸಾಲು ನುಂಗಿಕೊಳ್ಳಲಾಗದೇ ಎಂದೆ. ಕಾರಿಡಾರಿನಲ್ಲಿ ಹೋಗುವವರು ತಿರುಗಿ ನೋಡಿದರು. ಅಕ್ಕ ಬೈಸಿಕೊಂಡು ನಿಂತರು. ಕೊನೆಗೆ, ಇರಬಹುದು, ಚಟವೇ ಇರಬಹುದು ಎಂದರು.

ಥೀಸಿಸ್ ಕೊಡುವ ದಿನ ಬೈಂಡಿನ ಅಂಗಡಿಯಿಂದ ಬಂದ ಪ್ರತಿಯನ್ನು ನಾನೇ ಮೊದಲು ಬಿಡಿಸಿದ್ದು. ನೇರ ಪಟ್ಟಿಗೆ ಹೋದೆ. ಹದಿನಾಲ್ಕು ಒಂಟಿಯಾಗಿ ನಿಂತಿತ್ತು. ಲೇಖಕರು, ನಡುವೆ ಅರ್ಧವಿರಾಮ. ಪೂರ್ಣ ಶೀರ್ಷಿಕೆ, ಡಯಾಕ್ಸೇನ್ ಸಮೇತ. Anal. Chim. Acta, ಓರೆಯಾಗಿ, ಆಕ್ಟಾಗೆ ಚುಕ್ಕಿಯಿಲ್ಲದೆ. ದಪ್ಪ ಇಸವಿ. ಒಳಗೆ ಹೊಸ ಪಿಕೆಎ, ಹೊಸ ಲೆಕ್ಕ. ಕೊನೆಯ ಅಧ್ಯಾಯದಲ್ಲಿ ಒಂದೇ ಮಾತು: ಎರಡು ಸಂಯುಕ್ತಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ. ಸಾರ್ ಸಹಿ ಹಾಕಿದ್ದರು.

ಪರೀಕ್ಷಕರ ವರದಿ ಬರುವವರೆಗೆ ಅಕ್ಕ ಎಂದಿನಂತೆ ಬಂದು ಕೂರುತ್ತಿದ್ದರು. ಹುಡುಗರು ತಂದ ಪಟ್ಟಿಗಳನ್ನು ತಿದ್ದುತ್ತಿದ್ದರು. ಒಂದು ಮಾತ್ರ ಬದಲಾಗಿತ್ತು. ಚುಕ್ಕಿ ನೋಡುವ ಮೊದಲು, ಇದನ್ನ ತೆರೆದು ಓದಿದ್ದೀಯಾ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಪಟ್ಟಿಯನ್ನು ಮುಟ್ಟುತ್ತಲೇ ಇರಲಿಲ್ಲ. ಹುಡುಗರು ಕ್ರಮೇಣ ಬರುವುದನ್ನು ಬಿಟ್ಟರು. ಬೆನ್ನ ಹಿಂದೆ, ಫುಲ್‌ಸ್ಟಾಪ್ ಅಕ್ಕನ ತಲೆ ಕೆಟ್ಟಿದೆ ಎಂದರು.

ವರದಿ ಬಂದಾಗ ಸಾರ್ ಅದನ್ನು ಓದಿ ಹೇಳಲಾರದೆ ಅಕ್ಕನ ಕೈಗೇ ಕೊಟ್ಟರು. ಅಕ್ಕ ಓದಿ ನನಗೆ ಕೊಟ್ಟರು. ಮೊದಲ ವಾಕ್ಯದಲ್ಲಿ ರೆಫರೆನ್ಸ್ ಪಟ್ಟಿಯನ್ನು ಹೊಗಳಿದ್ದರು. ಇಷ್ಟು ಶುದ್ಧವಾಗಿ ಎಸಿಎಸ್ ಶೈಲಿಯಲ್ಲಿ ಸಿದ್ಧಪಡಿಸಿದ ಪಟ್ಟಿಯನ್ನು ಈಚೆಗೆ ಕಂಡಿಲ್ಲ, ಇತರ ವಿದ್ಯಾರ್ಥಿಗಳಿಗೆ ಇದು ಮಾದರಿ. ಎರಡನೆಯ ವಾಕ್ಯ: ಆದರೆ ಕೃತಿಯಲ್ಲಿ ಹೊಸ ಫಲಿತಾಂಶವೇನೂ ಇಲ್ಲವಾದ್ದರಿಂದ ಪದವಿಗೆ ಶಿಫಾರಸು ಮಾಡಲಾಗುವುದಿಲ್ಲ.

"ಮೊದಲನೇ ವಾಕ್ಯ ಬರೀದೇ ಇದ್ದಿದ್ರೆ ಆಗ್ತಿತ್ತು" ಎಂದರು ಅಕ್ಕ. ಅವರು ಅತ್ತಿದ್ದನ್ನು ನಾನು ನೋಡಿದ್ದು ಆಗಲೇ. ತಲೆಯನ್ನು ಬೆಂಚಿಗೆ ಆನಿಸಿ, ಭುಜ ಕುಲುಕದ ಹಾಗೆ, ಅವರ ಗಂಡ ಸದ್ದು ಮಾಡದೆ ಪಾತ್ರೆ ತೊಳೆಯುವಂತೆ ಅತ್ತರು. ನಾನು ಪಕ್ಕದಲ್ಲಿ ನಿಂತು ಸಿಂಕಿನ ನಲ್ಲಿಯನ್ನು ಸುಮ್ಮನೆ ತಿರುಗಿಸಿ ಬಿಟ್ಟೆ, ಹೊರಗಿನವರಿಗೆ ಕೇಳದಿರಲಿ ಎಂದು.

ನೋಂದಣಿ ರದ್ದಾಯಿತು. ಜೂನಿನಲ್ಲಿ ಕಾಲೇಜಿನವರು ಬೇರೊಬ್ಬರನ್ನು ತೆಗೆದುಕೊಂಡರು. ಅಕ್ಕ ಈಗ ಯಜಮಾನರ ಅಂಗಡಿಯಲ್ಲಿ ಮುಂದಿನ ಗಲ್ಲಾದ ಹಿಂದೆ ಕೂತು ಗಿರಾಕಿಗಳಿಗೆ ಚೌಕಟ್ಟು ತೋರಿಸುತ್ತಾರೆ. ಅತ್ತೆ ಮಂಡಿಯ ಮಾತು ಎತ್ತುವುದನ್ನೇ ಬಿಟ್ಟಿದ್ದಾರೆ. ನೋವು ಬಂದರೆ ತಾವೇ ಎದ್ದುಹೋಗಿ ಬಿಸಿನೀರು ಕಾಯಿಸಿಕೊಳ್ಳುತ್ತಾರೆ. ಆ ಮುದುಕಿಯ ಮರ್ಯಾದೆ ಅದು, ನೋಡಲಾಗುವುದಿಲ್ಲ.

ಮುಂದಿನ ವರ್ಷ ನನ್ನ ಥೀಸಿಸ್ ಬರೆಯುವ ಸರದಿ. ನನ್ನದು ಅದೇ ಸಂಯುಕ್ತ, ಬೇರೆ ಲೋಹ. ನೀರಿನಲ್ಲಿನ ಪಿಕೆಎ ನನಗೂ ಬೇಕಿತ್ತು. ಜಗತ್ತಿನಲ್ಲಿ ಅದನ್ನು ಅಳೆದವರು ನನಗೆ ಗೊತ್ತಿದ್ದ ಹಾಗೆ ಒಬ್ಬರೇ. ಅವರ ಥೀಸಿಸ್ಸನ್ನು ಉಲ್ಲೇಖಿಸೋಣ ಎಂದರೆ ತಿರಸ್ಕೃತವಾದದ್ದು ಗ್ರಂಥಾಲಯಕ್ಕೆ ಹೋಗುವುದಿಲ್ಲ. ಜರ್ನಲ್ಲಿಲ್ಲ, ಸಂಪುಟವಿಲ್ಲ, ಪುಟವಿಲ್ಲ. ಆದರೆ ಎಸಿಎಸ್ ಶೈಲಿಯಲ್ಲಿ ಇದಕ್ಕೂ ಒಂದು ದಾರಿಯಿದೆ. ಎಲ್ಲೂ ಅಚ್ಚಾಗದ್ದನ್ನು ಒಬ್ಬರು ನಿಮಗೆ ನೇರವಾಗಿ ತಿಳಿಸಿದ್ದರೆ, ಅವರ ಹೆಸರು, ಸಂಸ್ಥೆ ಹಾಕಿ ವೈಯಕ್ತಿಕ ಸಂವಹನ ಎಂದು ಬರೆದು ಇಸವಿ ಹಾಕಬಹುದು. ಅವರಿಂದ ಬರವಣಿಗೆಯಲ್ಲಿ ಒಪ್ಪಿಗೆ ಇರಬೇಕು, ಅಷ್ಟೇ. ನಾನು ಆ ಸಾಲನ್ನು ಹದಿನಾಲ್ಕನೆಯ ಜಾಗದಲ್ಲೇ ಬರುವಂತೆ ಹೊಂದಿಸಿದೆ. ಒಪ್ಪಿಗೆಯ ಕಾಗದವನ್ನೂ ನಾನೇ ಟೈಪ್ ಮಾಡಿ, ಹೆಮ್ಮೆಯಿಂದ ಅಂಗಡಿಗೆ ಹೋದೆ.

ಅಕ್ಕ ಗಿರಾಕಿಯೊಬ್ಬರನ್ನು ಕಳಿಸಿ, ಕೈಯೊರೆಸಿಕೊಂಡು ಸಾಲು ಓದಿದರು. ಸಂಸ್ಥೆಯ ಹೆಸರು ಬರಬೇಕಾದ ಕಡೆ ನಾನು ಖಾಲಿ ಬಿಟ್ಟಿದ್ದೆ. ಏನು ಹಾಕಬೇಕೆಂದು ನನಗೆ ತಿಳಿದಿರಲಿಲ್ಲ. ಅವರ ಬೆರಳು ಅಲ್ಲೇ ನಿಂತಿತು.

"ಇಲ್ಲಿ ಏನಂತ ಹಾಕ್ತೀಯ? ಕನ್ನಡಕದ ಅಂಗಡಿ ಅಂತಲಾ?"

"ಯಾವುದಾದ್ರೂ ಹಾಕೋಣ ಅಕ್ಕ. ನಿಮ್ಮ ಹೆಸರು ಎಲ್ಲಾದ್ರೂ ಒಂದು ಕಡೆ ಇರಬೇಕು."

"ಬೇಡ. ತೆಗೆದುಬಿಡು." ಕಾಗದವನ್ನು ನನ್ನ ಕಡೆ ತಳ್ಳಿದರು. "ಯಾರಾದ್ರೂ ನಂಬರ್ ನೋಡಿ ಇವರು ಯಾರು ಅಂತ ಹುಡುಕಿದ್ರೆ ಏನು ಸಿಗುತ್ತೆ? ಏನೂ ಸಿಗದ ರೆಫರೆನ್ಸ್ ಹಾಕಬಾರದು. ನೀನೇ ಒಂದು ದಿನ ಕೂತು ಅಳೆದುಬಿಡು."

"ಅಕ್ಕಾ."

"ಒಂದು ದಿನದ ಕೆಲಸ ಕಣೇ" ಎಂದು, ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿ, ಬನ್ನಿ ಕೂತ್ಕೊಳ್ಳಿ ಎಂದರು.

ಅಳೆದೆ. ಅದೇ ಬೆಂಚು, ಅದೇ ಫ್ಲಾಸ್ಕುಗಳು, ಬಣ್ಣ ಅದೇ ಕಡೆ ತಿರುಗಿತು. ಅಕ್ಕನಿಗೆ ಬಂದ ಅಂಕಿಯೇ ಬಂತು. ಕೋಷ್ಟಕದಲ್ಲಿ ಅದನ್ನು ಬರೆದು, ಪಕ್ಕದಲ್ಲಿ 'ಈ ಕೆಲಸದಲ್ಲಿ ಅಳೆದದ್ದು' ಎಂದು ಹಾಕಿದೆ. ಅದಕ್ಕೆ ರೆಫರೆನ್ಸ್ ಬೇಕಾಗುವುದಿಲ್ಲ. ನನ್ನ ಥೀಸಿಸ್ಸಿಗೆ ಪದವಿ ಬಂತು, ಪರೀಕ್ಷಕರು ಆ ಅಂಕಿಯೊಂದನ್ನೇ ಎತ್ತಿ ಹೇಳಿ ಹೊಸತು ಎಂದು ಬರೆದಿದ್ದರು.